ತಳವಾರಘಟ್ಟದ ಅಂಬಿಗ ಹುಲಿಗಪ್ಪ

ಚೇತು, ಭಾನುವಾರದ ರೋಲ್‌ಪ್ಲೇ ಆಟ ನೀನು ನಡೆಸಬೇಕಲ್ವಾ, ಅದಕ್ಕೆ ಇವನನ್ನು ಬರೆದಿಡುತ್ತಿದ್ದೇನೆ.

ಕಳೆದ ವಾರದ ಆಟದಲ್ಲಿ, ವಿಜಯನಗರದ ದಂಡು ರಕ್ಕಸತಂಗಡಿಯಲ್ಲಿ ಸೋತ ಸುದ್ದಿ ಪಟ್ಟಣಕ್ಕೆ ಬಂತು. 1565ರ ಜನವರಿ. ನಮ್ಮ ಆಟಗಾರರೂ ಅರಮನೆಯವರ ಹಿಂದೆ ಪೆನುಕೊಂಡೆ ದಾರಿ ಹಿಡಿಯುತ್ತಾರೆ ಅಂದುಕೊಂಡಿದ್ದೆ. ಅವರು ಹೊಳೆ ದಾಟಿ ಆನೆಗೊಂದಿಗೆ ಹೊರಟರು. ಹರಿಗೋಲು ಬೇಕಾಯಿತು, ಅಂಬಿಗ ಬೇಕಾದ. ಹೆಸರು ಕೇಳಿದಾಗ ಬಾಯಿಗೆ ಬಂದದ್ದು ಹುಲಿಗಪ್ಪ. ಹತ್ತಿರದ ಹುಲಿಗೆಮ್ಮನ ಹೆಸರು, ಚೆನ್ನಾಗಿ ಕೂತಿತು.

ವಯಸ್ಸು ಐವತ್ತರ ಆಚೆ. ಹುಟ್ಟು ಹಾಕಿ ಹಾಕಿ ಬಲಭುಜ ಎಡದ್ದಕ್ಕಿಂತ ದಪ್ಪ. ಬಿದಿರು ಹೆಣೆದು ಚರ್ಮ ಹೊದಿಸಿದ ಹರಿಗೋಲು, ಒಂದು ಕಡೆ ಹೊಸ ತೇಪೆ.

ಅವನಿಗೆ ಬೇಕಾದದ್ದು ಮಗ. ಹದಿನಾರರ ಹುಡುಗ ದುರುಗ, ದಂಡಿನ ಜೊತೆ ನಗಾರಿ ಹೊತ್ತು ಹೋದವನು ವಾಪಸ್ ಬಂದಿಲ್ಲ. ಬಡಗಣದಿಂದ ಬಂದ ಯಾರನ್ನೇ ಕಂಡರೂ ಮೊದಲು ಕೂಲಿ ಕೇಳುವುದಿಲ್ಲ. “ಎಪ್ಪಾ, ಎಡಗಿವಿ ಹರಿದ ಹುಡುಗ ಒಬ್ಬಾವ, ಎಲ್ಲ್ಯಾರ ಕಂಡಿರೇನು?” ಅನ್ನುತ್ತಾನೆ. ಇದನ್ನು ಮೆಲ್ಲಗೆ ಹೇಳು. ಕೇಳುವವರನ್ನು ಅಳಿಸಲು ಹೋಗಬೇಡ.

ಚಾಳಿ ಏನಂದರೆ, ಹುಟ್ಟು ಹಾಕುತ್ತಾ ನೀರಿನ ಆಳ ಹೇಳುತ್ತಲೇ ಇರುತ್ತಾನೆ. “ಇಲ್ಲಿ ಎರಡಾಳು. ಈ ಬಂಡಿ ಬುಡಕ್ಕ ಮೂರಾಳು, ಕೈ ಬಿಡಬ್ಯಾಡ್ರಿ.” ಕಳೆದ ವಾರ ಸುಮ್ನೆ ಮಾತು ತುಂಬಿಸಲು ಹಾಗೆ ಹೇಳಿದ್ದೆ. ಮೇಜಿನ ಸುತ್ತ ಎಲ್ಲರೂ ಹಿಡಿದುಕೊಂಡರು, ಸವಿತಾ ಅಂತೂ ಲೆಕ್ಕ ಬರೆದುಕೊಂಡಳು. ಗುಟ್ಟು ನನಗೆ ಹೊಳೆದದ್ದು ಅಲ್ಲಿಂದಲೇ.

ಎರಡು ರಾತ್ರಿ ಹಿಂದೆ ಒಬ್ಬ ಸವಾರ ಆಚೆ ದಡಕ್ಕೆ ಬಂದಿದ್ದ, ಶತ್ರುಗಳ ಕಡೆಯವನು. ನಿನ್ನ ಮಗ ನಮ್ಮಲ್ಲಿ ಸೆರೆಯಲ್ಲಿದ್ದಾನೆ, ಕುದುರೆ ದಾಟುವಷ್ಟು ನೀರು ಕಡಿಮೆ ಇರುವ ಜಾಗ ತೋರಿಸಿದರೆ ಬಿಡಿಸುತ್ತೇನೆ ಅಂದ. ಹುಲಿಗಪ್ಪ ತೋರಿಸಿದ. ಹಾಗಾಗಿ ಜೋಡಿ ಬಂಡೆ ದಾಟಿದ ಮೇಲೆ ಆ ಒಂದು ಜಾಗದಲ್ಲಿ ಮಾತ್ರ ಅವನು ಆಳ ಹೇಳುವುದಿಲ್ಲ. ಬಾಯಿ ಮುಚ್ಚಿ ಜೋರಾಗಿ ಹುಟ್ಟು ಹಾಕುತ್ತಾನೆ.

ಆ ಮೌನವನ್ನು ನೀನು ಎತ್ತಿ ತೋರಿಸಬೇಡ. ಉಳಿದ ಕಡೆ ಆಳ ಹೇಳು, ಅಲ್ಲಿ ಬಿಟ್ಟುಬಿಡು, ಅಷ್ಟೇ. ಯಾರಾದರೂ “ಇಲ್ಲಿ ಎಷ್ಟು ಆಳ?” ಅಂತ ತಾವಾಗಿಯೇ ಕೇಳಿದರೆ ಡೈಸ್ ಉರುಳಿಸುವ ಮಾತೇ ಬೇಡ, ಗೆದ್ದದ್ದು ಅವರ ಕಿವಿ. ಹುಟ್ಟು ನೀರಲ್ಲೇ ನಿಲ್ಲುತ್ತದೆ, ಹರಿಗೋಲು ತಿರುಗಲು ಶುರುವಾಗುತ್ತದೆ. “ಸೊಂಟದ ಮಟ್ಟ” ಅನ್ನುತ್ತಾನೆ. ಇವನು ಏನೋ ಮುಚ್ಚಿಡುತ್ತಿದ್ದಾನೆ ಅಂತ ಬರೀ ಅನುಮಾನಪಟ್ಟವರಿಗೆ ಇನ್‌ಸೈಟ್ ಡೈಸ್, 13 ಅಥವಾ ಮೇಲೆ ಬರಬೇಕು. ತಪ್ಪಿದರೆ ಮಗನ ದುಃಖ ಅಂದುಕೊಳ್ಳಲಿ, ಅದೂ ಸುಳ್ಳಲ್ಲ.

ಹೊಡೆಯಲು ಹೋದರೆ ತಡೆಯುವುದಿಲ್ಲ. ರಾತ್ರಿಯೇ ಆ ಜಾಗಕ್ಕೆ ಮುಳ್ಳುಕಂಟಿ, ಬಂಡೆ ತುಂಬಿಸೋಣ ಅಂದರೆ ಎಲ್ಲರಿಗಿಂತ ಮೊದಲು ನೀರಿಗಿಳಿಯುತ್ತಾನೆ.

ಸವಾರ ಹೇಳಿದ್ದು ನಿಜವಾ, ದುರುಗ ಬದುಕಿದ್ದಾನಾ ಅನ್ನೋದನ್ನು ನಾನು ತೀರ್ಮಾನಿಸಿಲ್ಲ. ಅದು ನಿನಗೆ ಬಿಟ್ಟದ್ದು. ಎಡಗಿವಿ ಮಾತ್ರ ನೆನಪಿರಲಿ, ಸವಿತಾ ಅದನ್ನೂ ಬರೆದುಕೊಂಡಿದ್ದಾಳೆ.