ಆಪರೇಷನ್ ನೋಟ್: ಲ್ಯಾಪರೊಸ್ಕೋಪಿಕ್ ಅಪೆಂಡಿಸೆಕ್ಟಮಿ

ದಿನಾಂಕ 14-08-2024, ಬುಧವಾರ. ಒಳರೋಗಿ ಸಂಖ್ಯೆ 4417. ಪುರುಷರ ಸರ್ಜಿಕಲ್ ವಾರ್ಡ್, ಹಾಸಿಗೆ 11. ಗಂಡು, 23 ವರ್ಷ, ತೂಕ 62 ಕೆ.ಜಿ. ಹೆಸರು, ವಿಳಾಸ ಕೇಸ್ ಶೀಟಿನ ಮೊದಲ ಪುಟದಲ್ಲಿವೆ. ಓಟಿ ಬಾಗಿಲಲ್ಲಿ ಕೈಪಟ್ಟಿಗೆ ಹೊಂದಿಸಿ ನೋಡಿದ್ದೇನೆ. ಔಷಧಿ ಅಲರ್ಜಿ ಇಲ್ಲ. ಬಿಪಿ, ಶುಗರ್, ಅಸ್ತಮಾ ಇಲ್ಲ. ಹಿಂದೆ ಯಾವ ಆಪರೇಷನ್ನೂ ಆಗಿಲ್ಲ.

ಆಪರೇಷನ್‌ಗೆ ಮುಂಚಿನ ರೋಗನಿರ್ಣಯ: ಅಕ್ಯೂಟ್ ಅಪೆಂಡಿಸೈಟಿಸ್.
ಆಪರೇಷನ್ ನಂತರದ್ದು: ಅಕ್ಯೂಟ್ ಅಪೆಂಡಿಸೈಟಿಸ್. ಸೀಕಮ್ ಹಿಂದೆ ಅಡಗಿತ್ತು, ತುದಿ ಕಪ್ಪಾಗಲು ಶುರುವಾಗಿತ್ತು, ತೂತಾಗಿರಲಿಲ್ಲ.
ಮಾಡಿದ್ದು: ಲ್ಯಾಪರೊಸ್ಕೋಪಿಕ್ ಅಪೆಂಡಿಸೆಕ್ಟಮಿ, ತುರ್ತು. ತೆರೆದ ಆಪರೇಷನ್‌ಗೆ ಬದಲಾಯಿಸಿಲ್ಲ.

ತಂಡ: ಸರ್ಜನ್ (ಈ ನೋಟ್ ಬರೆದವನು ನಾನೇ), ಕ್ಯಾಮೆರಾ ಹಿಡಿದ ಸಹಾಯಕ ವೈದ್ಯೆ, ಅನಸ್ತೇಶಿಯಾ ವೈದ್ಯರು, ಸ್ಕ್ರಬ್ ನರ್ಸ್, ಸರ್ಕ್ಯುಲೇಟಿಂಗ್ ನರ್ಸ್, ಓಟಿ ಅಟೆಂಡರ್. ಎಲ್ಲರ ಸಹಿ ಸೇಫ್ಟಿ ಚೆಕ್‌ಲಿಸ್ಟಿನಲ್ಲಿದೆ.

ಯಾಕೆ ಆಪರೇಷನ್

ಹೊಕ್ಕುಳ ಸುತ್ತ ಶುರುವಾದ ನೋವು 36 ಗಂಟೆಯಲ್ಲಿ ಬಲಗಡೆ ಕೆಳಹೊಟ್ಟೆಗೆ ಇಳಿದಿತ್ತು. ಊಟ ಸೇರುತ್ತಿರಲಿಲ್ಲ, ಎರಡು ಸಲ ವಾಂತಿ. ಜ್ವರ ಇರಲಿಲ್ಲ, 98.8 ಡಿಗ್ರಿ. ಮ್ಯಾಕ್‌ಬರ್ನಿ ಜಾಗದಲ್ಲಿ ಮುಟ್ಟಿದರೆ ನೋವು, ಒತ್ತಿ ಬಿಟ್ಟರೆ ಇನ್ನೂ ಜಾಸ್ತಿ. ಎಡಮಗ್ಗುಲಾಗಿ ಮಲಗಿಸಿ ಬಲಗಾಲನ್ನು ಹಿಂದಕ್ಕೆ ಎಳೆದಾಗ ಮುಖ ಕಿವುಚಿದ. ಅಪೆಂಡಿಕ್ಸ್ ಹಿಂದೆ ಇರಬಹುದು ಅಂತ ಆಗಲೇ ಅನ್ನಿಸಿತ್ತು. ಬಿಳಿ ರಕ್ತಕಣ 15,400, ನ್ಯೂಟ್ರೋಫಿಲ್ 86%. ಅಲ್ವರಾಡೋ ಸ್ಕೋರ್ 9. ಸ್ಕ್ಯಾನಿಂಗ್‌ನಲ್ಲಿ 11 ಮಿ.ಮೀ. ದಪ್ಪದ, ಒತ್ತಿದರೂ ಬಗ್ಗದ ನಳಿಕೆ, ಒಳಗೆ ಗಟ್ಟಿಯಾದ ಮಲದ ಉಂಡೆ. ಹಿಮೋಗ್ಲೋಬಿನ್ 14.1, ಕ್ರಿಯಾಟಿನಿನ್ 0.9.

ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಓದಿ ಹೇಳಿದೆ. ರಕ್ತಸ್ರಾವ, ಸೋಂಕು, ಒಳಗೆ ಕೀವು ನಿಲ್ಲುವುದು, ಬೇಕಾದರೆ ಹೊಟ್ಟೆ ತೆರೆಯುವುದು, ಎಲ್ಲವನ್ನೂ ತಿಳಿಸಿದೆ. ರೋಗಿ ಮತ್ತು ತಾಯಿ ಇಬ್ಬರೂ ಸಹಿ ಮಾಡಿದ್ದಾರೆ.

ಶುರು ಮಾಡುವ ಮುಂಚೆ

ಕೊನೆಯ ಊಟ ಮಧ್ಯಾಹ್ನ 1 ಗಂಟೆಗೆ. ಓಟಿಗೆ ಬರುವ ಮುಂಚೆ ಮೂತ್ರ ಮಾಡಿಸಿದೆವು, ಕ್ಯಾಥೆಟರ್ ಹಾಕಿಲ್ಲ. ಸೆಫ್ಟ್ರಿಯಾಕ್ಸೋನ್ 1 ಗ್ರಾಂ ಮತ್ತು ಮೆಟ್ರೊನಿಡಜೋಲ್ 500 ಮಿ.ಗ್ರಾಂ. ರಾತ್ರಿ 9:05ಕ್ಕೆ ರಕ್ತನಾಳಕ್ಕೆ ಕೊಟ್ಟಾಯಿತು. ಜನರಲ್ ಅನಸ್ತೇಶಿಯಾ, ಗಂಟಲಿಗೆ ಟ್ಯೂಬ್. 9:28ಕ್ಕೆ ಟೈಮ್ ಔಟ್: ಹೆಸರು, ಆಪರೇಷನ್, ಅಲರ್ಜಿ, ಆಂಟಿಬಯೋಟಿಕ್ ಎಲ್ಲವನ್ನೂ ಜೋರಾಗಿ ಓದಿದೆವು. ಕತ್ತರಿಸಿದ್ದು 9:32ಕ್ಕೆ.

ಅಂಗಾತ ಮಲಗಿಸಿ, ಎಡಗೈ ಮೈಗೆ ಸೇರಿಸಿ ಕಟ್ಟಿ, ತಲೆ ಕೆಳಗೆ 15 ಡಿಗ್ರಿ, ಎಡಕ್ಕೆ ವಾಲಿಸಿದೆವು. ನಾನೂ ಸಹಾಯಕಿಯೂ ಎಡಗಡೆ, ಮಾನಿಟರ್ ಬಲಗಡೆ.

ಒಳಗೆ ಕಂಡದ್ದು

ಬಲಗಡೆ ಕೆಳಹೊಟ್ಟೆಯಲ್ಲಿ ಓಮೆಂಟಮ್ ಬಂದು ಮುಚ್ಚಿಕೊಂಡಿತ್ತು. ಅದರ ಕೆಳಗೆ ಮತ್ತು ಪೆಲ್ವಿಸ್‌ನಲ್ಲಿ ಸೇರಿ ಸುಮಾರು 30 ಮಿ.ಲೀ. ಮಬ್ಬು ದ್ರವ. ದಪ್ಪ ಕೀವು ಇರಲಿಲ್ಲ, ಮಲದ ವಾಸನೆಯೂ ಇರಲಿಲ್ಲ.

ಅಪೆಂಡಿಕ್ಸ್ ಸೀಕಮ್ ಹಿಂದೆ ಮೇಲ್ಮುಖವಾಗಿ ಮಲಗಿತ್ತು. ಉದ್ದ ಸುಮಾರು 9 ಸೆ.ಮೀ., ದಪ್ಪ 12 ಮಿ.ಮೀ. ಕೆಂಪಾಗಿ, ಬಿಗಿದುಕೊಂಡು, ಮೇಲೆ ಅಲ್ಲಲ್ಲಿ ಹಳದಿ ಪೊರೆ ಅಂಟಿತ್ತು. ನಡುವೆ ಗಟ್ಟಿ ಉಂಡೆ ಗ್ರಾಸ್ಪರ್‌ಗೆ ತಾಗುತ್ತಿತ್ತು. ಅದರಿಂದಾಚೆ, ತುದಿಯ 1 ಸೆ.ಮೀ. ಜಾಗ ನೇರಳೆ-ಕಪ್ಪು ಬಣ್ಣಕ್ಕೆ ತಿರುಗಿತ್ತು. ತೂತು ಎಲ್ಲೂ ಇಲ್ಲ. ಬುಡದ 1.5 ಸೆ.ಮೀ. ಮೆತ್ತಗೆ, ಆರೋಗ್ಯವಾಗಿತ್ತು. ಬುಡ ಹೀಗೆ ಚೆನ್ನಾಗಿದ್ದರಿಂದಲೇ ಬರೀ ದಾರದ ಗಂಟು ಸಾಕು ಅಂತ ನಿರ್ಧರಿಸಿದೆ. ಸೀಕಮ್ ಗೋಡೆ ಸರಿಯಾಗಿದೆ.

ಸಣ್ಣ ಕರುಳಿನ ಕೊನೆಯ 60 ಸೆ.ಮೀ. ಹಿಂದಕ್ಕೆ ನೋಡಿದೆ, ಮೆಕೆಲ್ಸ್ ಡೈವರ್ಟಿಕ್ಯುಲಮ್ ಇಲ್ಲ. ಕರುಳಿನ ಗ್ರಂಥಿಗಳು ಸ್ವಲ್ಪ ದಪ್ಪ. ಲಿವರ್, ಪಿತ್ತಕೋಶ ಸರಿ. ಎರಡೂ ತೊಡೆಸಂದಿಯಲ್ಲಿ ಹರ್ನಿಯಾ ಇಲ್ಲ.

ಮಾಡಿದ ರೀತಿ

ಹೊಕ್ಕುಳ ಕೆಳಗೆ ತೆರೆದು ನೋಡಿಕೊಂಡೇ 10 ಮಿ.ಮೀ. ಪೋರ್ಟ್ ಹಾಕಿದೆ, ಕುರುಡು ಸೂಜಿ ಬಳಸಿಲ್ಲ. ಕಾರ್ಬನ್ ಡೈಆಕ್ಸೈಡ್ ಒತ್ತಡ 12. 30 ಡಿಗ್ರಿ ಕ್ಯಾಮೆರಾದಿಂದ ನೋಡುತ್ತಾ ಎಡಗಡೆ ಕೆಳಹೊಟ್ಟೆಯಲ್ಲಿ 5 ಮಿ.ಮೀ., ಮೂತ್ರಕೋಶ ಖಾಲಿ ಇರುವುದನ್ನು ಕಂಡು ಅದರ ಮೇಲ್ಗಡೆ ಇನ್ನೊಂದು 5 ಮಿ.ಮೀ. ಪೋರ್ಟ್. ಒಳಹೋಗುವಾಗ ಎಲ್ಲೂ ಪೆಟ್ಟಾಗಿಲ್ಲ.

ಓಮೆಂಟಮ್ ಅನ್ನು ಸಕ್ಷನ್ ತುದಿಯಿಂದ ಮೆಲ್ಲಗೆ ಬಿಡಿಸಿದೆ. ಎಳೆದಿಲ್ಲ. ಸೀಕಮ್ ಕಂಡಿತು, ಅಪೆಂಡಿಕ್ಸ್ ಕಾಣಲಿಲ್ಲ. ಟೀನಿಯಾ ಪಟ್ಟಿಯನ್ನು ಹಿಡಿದು ಕೆಳಗೆ ಬಂದಾಗ ಬುಡ ಸಿಕ್ಕಿತು, ಉಳಿದದ್ದು ಹಿಂದೆ. ಸೀಕಮ್‌ನ ಹೊರ ಅಂಚಿನ ಪೆರಿಟೋನಿಯಮ್ ಸುಮಾರು 4 ಸೆ.ಮೀ. ಬಿಡಿಸಿ, ಸೀಕಮ್ ಅನ್ನು ಎಡಕ್ಕೆ ಮಗುಚಿದೆ. ಆಗ ತುದಿಯವರೆಗೂ ಕಂಡಿತು. ಆ ಕಪ್ಪು ತುದಿಯನ್ನು ಗ್ರಾಸ್ಪರ್‌ನಿಂದ ಹಿಡಿದಿಲ್ಲ. ಹಿಡಿದರೆ ಅಲ್ಲೇ ಹರಿಯುತ್ತಿತ್ತು. ಮೀಸೋಅಪೆಂಡಿಕ್ಸ್ ಅಂಚು ಹಿಡಿದೇ ಎತ್ತಿದೆ.

ಮೀಸೋಅಪೆಂಡಿಕ್ಸ್ ಅನ್ನು ಅಪೆಂಡಿಕ್ಸ್‌ಗೆ ಹತ್ತಿರವಾಗಿ ಬೈಪೋಲಾರ್‌ನಿಂದ ಸುಟ್ಟು, ಕತ್ತರಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸುತ್ತಾ ಬುಡಕ್ಕೆ ಬಂದೆ. ರಕ್ತನಾಳ ಎರಡು ಕಡೆ ಸುಟ್ಟು ಕತ್ತರಿಸಿದೆ, ರಕ್ತ ಬರಲಿಲ್ಲ. ಸೂಜಿ ಇಲ್ಲದ 1-0 ವಿಕ್ರಿಲ್ ದಾರದಲ್ಲಿ ಟೇಬಲ್ ಮೇಲೆಯೇ ರೋಡರ್ ಗಂಟು ಹಾಕಿ, ಬುಡಕ್ಕೆ ಎರಡು, ಅದಕ್ಕಿಂತ 8 ಮಿ.ಮೀ. ಮೇಲೆ ಒಂದು ಬಿಗಿದೆ. ನಡುವೆ ಕತ್ತರಿಸಿದೆ. ಉಳಿದ ಬುಡ ಸುಮಾರು 4 ಮಿ.ಮೀ. ಬುಡವನ್ನು ಹೊಲಿದು ಮುಚ್ಚುವ ಅಗತ್ಯ ಕಾಣಲಿಲ್ಲ. ಬುಡದ ಹತ್ತಿರ ಕರೆಂಟ್ ಬಳಸಿಲ್ಲ.

ಅಪೆಂಡಿಕ್ಸ್ ಹೊರತೆಗೆಯಲು ಪೌಡರ್ ಇಲ್ಲದ ಸ್ಟೆರೈಲ್ ಗ್ಲೌಸಿನ ಬೆರಳುಗಳನ್ನು ದಾರದಿಂದ ಕಟ್ಟಿ ಕತ್ತರಿಸಿ ಚೀಲ ಮಾಡಿಕೊಂಡೆವು. ಕತ್ತರಿಸಿದ ತುಂಡೂ ಎಣಿಕೆಗೆ ಸೇರಿದೆ. 5 ಮಿ.ಮೀ. ಕ್ಯಾಮೆರಾವನ್ನು ಎಡ ಪೋರ್ಟಿಗೆ ಬದಲಿಸಿ, ಚೀಲವನ್ನು ಹೊಕ್ಕುಳ ಪೋರ್ಟಿನಿಂದ 10:14ಕ್ಕೆ ಹೊರತೆಗೆದೆ. ಚೀಲ ಹರಿದಿಲ್ಲ, ಗಾಯಕ್ಕೆ ಅಪೆಂಡಿಕ್ಸ್ ತಾಗಿಲ್ಲ.

ದ್ರವ ಹೀರಿ ತೆಗೆದೆ. ಹೊಟ್ಟೆ ತುಂಬಾ ಸಲೈನ್ ಸುರಿದು ತೊಳೆದಿಲ್ಲ, ಸೋಂಕನ್ನು ಲಿವರ್ ಕೆಳಗೆ ಹರಡಿಸಿದ ಹಾಗಾಗುತ್ತದೆ. 100 ಮಿ.ಲೀ. ಮಾತ್ರ ಅದೇ ಜಾಗಕ್ಕೆ ಹಾಕಿ ಪೂರ್ತಿ ಹೀರಿದೆ. ಒತ್ತಡವನ್ನು 8ಕ್ಕೆ ಇಳಿಸಿ ಎರಡು ನಿಮಿಷ ಕಾದು ನೋಡಿದೆ, ರಕ್ತ ಇಲ್ಲ, ಗಂಟುಗಳು ಗಟ್ಟಿ. ತೂತಿಲ್ಲ, ಕೀವಿನ ಗೂಡಿಲ್ಲ, ಹಾಗಾಗಿ ಡ್ರೇನ್ ಇಟ್ಟಿಲ್ಲ.

ಎಣಿಕೆ

ಕತ್ತರಿಸುವ ಮುಂಚೆ ಬೋರ್ಡ್ ಮೇಲೆ ಬರೆದದ್ದು: ಎಕ್ಸ್‌ರೇ ದಾರವಿರುವ ಗಾಜ್ 10, ದೊಡ್ಡ ಮಾಪ್ 5, ಸೂಜಿ 3 (ಹೊಲಿಗೆಯದು 2, ಮರಗಟ್ಟಿಸುವ ಇಂಜೆಕ್ಷನ್ನಿನದು 1), ಬ್ಲೇಡ್ 1. ನಂತರ ಸೇರಿಸಿದ್ದು: ಗ್ಲೌಸ್ ಚೀಲ 1, ಕತ್ತರಿಸಿದ ಬೆರಳ ತುಂಡು 1.

ಎರಡನೇ ಎಣಿಕೆ 10:22ಕ್ಕೆ, ಹೊಕ್ಕುಳ ಗಾಯ ಮುಚ್ಚುವ ಮುಂಚೆ. ಸ್ಕ್ರಬ್ ನರ್ಸ್ "ಸಾರ್, ಗಾಜ್ ಒಂಬತ್ತೇ ಇದೆ" ಅಂದರು. ಹೊಲಿಗೆ ನಿಲ್ಲಿಸಿದೆ. ಪೋರ್ಟಿನಿಂದ ಗಾಜ್ ಒಳಗೆ ಹಾಕಿದ ನೆನಪು ನನಗೆ ಇರಲಿಲ್ಲ, ಆದರೂ ಕ್ಯಾಮೆರಾ ಮತ್ತೆ ಹಾಕಿ ನಾಲ್ಕೂ ಭಾಗ, ಲಿವರ್ ಮೇಲ್ಗಡೆ, ಪೆಲ್ವಿಸ್, ಕರುಳಿನ ನಡುವೆ ಎಲ್ಲಾ ನೋಡಿದೆ. ಸಿಗಲಿಲ್ಲ. ಅಷ್ಟರಲ್ಲಿ ಸರ್ಕ್ಯುಲೇಟಿಂಗ್ ನರ್ಸ್ ಬಕೆಟ್, ನೆಲ, ನಮ್ಮ ಚಪ್ಪಲಿ ಕೆಳಗೂ ನೋಡಿದರು. ಸಿ-ಆರ್ಮ್ ತರಲು ಹೇಳಿದೆ. 10:29ಕ್ಕೆ ಕ್ಯಾಮೆರಾ ಕೇಬಲ್ಲಿನ ಪ್ಲಾಸ್ಟಿಕ್ ಹೊದಿಕೆಯ ಮಡಿಕೆಯಲ್ಲಿ ಸಿಕ್ಕಿತು, ಒದ್ದೆಯಾಗಿ ಮುದ್ದೆಯಾಗಿ ಅಂಟಿಕೊಂಡಿತ್ತು. ಲೆನ್ಸ್ ಒರೆಸಿದ್ದು ನಾನು, ವಾಪಸ್ ಟ್ರೇಗೆ ಕೊಡದೆ ಬಿಟ್ಟವನೂ ನಾನೇ. ಇಬ್ಬರೂ ನರ್ಸ್ ಒಂದೊಂದಾಗಿ ಬಿಡಿಸಿ ಎಣಿಸಿದರು: ಗಾಜ್ 10. ಗಾಜ್ ಕೈಗೇ ಸಿಕ್ಕಿದ್ದರಿಂದ ಎಕ್ಸ್‌ರೇ ತೆಗೆದಿಲ್ಲ.

ಮೂರನೇ ಎಣಿಕೆ 10:46ಕ್ಕೆ, ಚರ್ಮದ ಹೊಲಿಗೆ ಮುಗಿದ ಮೇಲೆ: ಗಾಜ್ 10, ಮಾಪ್ 5, ಸೂಜಿ 3, ಬ್ಲೇಡ್ 1, ಗ್ಲೌಸ್ ಚೀಲ 1, ತುಂಡು 1. ಉಪಕರಣಗಳು ಟ್ರೇ ಪಟ್ಟಿಗೆ ಸರಿ. ಎಣಿಕೆ ಪೂರ್ತಿ. ಇಬ್ಬರೂ ನರ್ಸ್ ಸಹಿ ಮಾಡಿದ್ದಾರೆ.

ಮುಚ್ಚಿದ್ದು

5 ಮಿ.ಮೀ. ಪೋರ್ಟ್‌ಗಳನ್ನು ನೋಡುತ್ತಲೇ ತೆಗೆದೆ, ರಕ್ತ ಇಲ್ಲ. ಗ್ಯಾಸ್ ಪೂರ್ತಿ ಬಿಟ್ಟೆ. ಹೊಕ್ಕುಳ ಫೇಶಿಯಾಕ್ಕೆ ಒಂದು ವಿಕ್ರಿಲ್ ಎಂಟರ ಆಕಾರದ ಹೊಲಿಗೆ, ಚರ್ಮಕ್ಕೆ 3-0 ನೈಲಾನ್. ಮೂರೂ ಗಾಯಕ್ಕೆ ಸೇರಿ 0.25% ಬುಪಿವಕೇನ್ 20 ಮಿ.ಲೀ. ರಕ್ತ ಹೋಗಿದ್ದು ಸುಮಾರು 20 ಮಿ.ಲೀ. ರಿಂಗರ್ ಲ್ಯಾಕ್ಟೇಟ್ 1 ಲೀಟರ್ ಹೋಗಿದೆ. 10:55ಕ್ಕೆ ಟ್ಯೂಬ್ ತೆಗೆದರು, ಕರೆದರೆ ಕಣ್ಣು ಬಿಡುತ್ತಿದ್ದಾನೆ.

ಅಪೆಂಡಿಕ್ಸ್ 10% ಫಾರ್ಮಲಿನ್‌ನಲ್ಲಿ, ಡಬ್ಬಿಯ ಮೈಮೇಲೆಯೇ ಲೇಬಲ್, ಪೆಥಾಲಜಿಗೆ. ಇಂಥ ಅಪೆಂಡಿಕ್ಸ್‌ನಲ್ಲಿ ಯಾವಾಗಲೋ ಒಮ್ಮೆ ಗಡ್ಡೆ ಸಿಗುತ್ತದೆ, ವರದಿ ನೋಡದೆ ಫೈಲ್ ಮುಚ್ಚಬಾರದು.

ಹೊರಗೆ ತಾಯಿಗೆ ಅಪೆಂಡಿಕ್ಸ್ ತೋರಿಸಿದೆ. "ಸಾರ್, ಹೊಟ್ಟೇಲಿ ಏನೂ ಉಳಿದಿಲ್ಲ ಅಲ್ವಾ?" ಅಂತ ಕೇಳಿದರು. "ಇಲ್ಲಮ್ಮ, ಎಲ್ಲಾ ಎಣಿಸಿ ನೋಡಿದ್ದೀವಿ" ಅಂದೆ. ಗಾಜ್ ಹುಡುಕಿದ ವಿಷಯವನ್ನೂ ಹೇಳಿದೆ.

ವಾರ್ಡಿಗೆ ಆರ್ಡರ್

ನಾಡಿ, ಬಿಪಿ, ಉಸಿರು, ಆಕ್ಸಿಜನ್: ಮೊದಲ ಗಂಟೆ 15 ನಿಮಿಷಕ್ಕೊಮ್ಮೆ, ಮುಂದಿನ ಎರಡು ಗಂಟೆ ಅರ್ಧ ಗಂಟೆಗೊಮ್ಮೆ, ಆಮೇಲೆ 4 ಗಂಟೆಗೊಮ್ಮೆ. ತಲೆದಿಂಬು ಸ್ವಲ್ಪ ಎತ್ತರ.

ಬೆಳಗಿನ ಜಾವ 4ರವರೆಗೆ ಬಾಯಿಗೆ ಏನೂ ಬೇಡ. ಆಮೇಲೆ ನೀರು ಗುಟುಕು ಗುಟುಕಾಗಿ. ವಾಂತಿ ಇಲ್ಲದಿದ್ದರೆ 8ಕ್ಕೆ ಗಂಜಿ ಅಥವಾ ಇಡ್ಲಿ. ಗ್ಯಾಸ್ ಹೋಗಲಿ ಅಂತ ಕಾಯಿಸಬೇಡಿ. ರಿಂಗರ್ ಲ್ಯಾಕ್ಟೇಟ್ ಗಂಟೆಗೆ 100 ಮಿ.ಲೀ., ಕುಡಿಯಲು ಶುರು ಮಾಡಿದ ಮೇಲೆ ನಿಲ್ಲಿಸಿ.

ಸೆಫ್ಟ್ರಿಯಾಕ್ಸೋನ್ 1 ಗ್ರಾಂ: 15ರ ಬೆಳಿಗ್ಗೆ 9, ರಾತ್ರಿ 9.
ಮೆಟ್ರೊನಿಡಜೋಲ್ 500 ಮಿ.ಗ್ರಾಂ.: ಬೆಳಿಗ್ಗೆ 5, ಮಧ್ಯಾಹ್ನ 1, ರಾತ್ರಿ 9. ತುದಿ ಕಪ್ಪಾಗಿದ್ದರಿಂದ 24 ಗಂಟೆ ಮುಂದುವರಿಸಿದ್ದೇನೆ. ಅಲ್ಲಿಗೆ ನಿಲ್ಲಿಸಿ. ಮನೆಗೆ ಆಂಟಿಬಯೋಟಿಕ್ ಮಾತ್ರೆ ಬರೆಯಬೇಡಿ.

ಪ್ಯಾರಾಸಿಟಮಾಲ್ 1 ಗ್ರಾಂ ಐವಿ 8 ಗಂಟೆಗೊಮ್ಮೆ (ಓಟಿಯಲ್ಲಿ 10:30ಕ್ಕೆ ಕೊಟ್ಟಿದೆ, ಮುಂದಿನದು ಬೆಳಿಗ್ಗೆ 6:30). ಡೈಕ್ಲೊಫೆನಾಕ್ 75 ಮಿ.ಗ್ರಾಂ. 100 ಮಿ.ಲೀ. ಸಲೈನ್‌ನಲ್ಲಿ ನಿಧಾನವಾಗಿ, 12 ಗಂಟೆಗೊಮ್ಮೆ, ಎರಡು ಸಲ ಮಾತ್ರ. ಅಷ್ಟಕ್ಕೂ ನೋವು ತಡೆಯದಿದ್ದರೆ ಟ್ರಮಡಾಲ್ 50 ಮಿ.ಗ್ರಾಂ. ವಾಕರಿಕೆಗೆ ಒಂಡಾನ್ಸೆಟ್ರಾನ್ 4 ಮಿ.ಗ್ರಾಂ. ಭುಜ ನೋವು ಅಂದರೆ ಅದು ಒಳಗೆ ಉಳಿದ ಗ್ಯಾಸ್‌ನಿಂದ, ಹೆದರಬೇಡಿ ಅಂತ ಹೇಳಿ.

ಬೆಳಿಗ್ಗೆ 6ಕ್ಕೆ ಎಬ್ಬಿಸಿ ನಡೆಸಿ, ಮೊದಲ ಸಲ ಯಾರಾದರೂ ಹಿಡಿದುಕೊಳ್ಳಲಿ. 5ರೊಳಗೆ ಮೂತ್ರ ಮಾಡದಿದ್ದರೆ ಹೊಟ್ಟೆ ಮುಟ್ಟಿ ನೋಡಿ ತಿಳಿಸಿ.

ನನಗೆ ಎಷ್ಟು ಹೊತ್ತಿಗಾದರೂ ಫೋನ್ ಮಾಡಿ: ನಾಡಿ 110 ದಾಟಿದರೆ, ಮೇಲಿನ ಬಿಪಿ 90ಕ್ಕಿಂತ ಇಳಿದರೆ, ಜ್ವರ 101 ದಾಟಿದರೆ, ಹೊಟ್ಟೆ ಉಬ್ಬಿ ಗಟ್ಟಿಯಾದರೆ, ಡ್ರೆಸ್ಸಿಂಗ್ ರಕ್ತದಲ್ಲಿ ನೆನೆದರೆ, ನೋವು ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತಾ ಹೋದರೆ.

ಎಲ್ಲಾ ಸರಿಯಿದ್ದರೆ 16ರ ಬೆಳಿಗ್ಗೆ ಬಿಡುಗಡೆ. ಡ್ರೆಸ್ಸಿಂಗ್ 48 ಗಂಟೆಗೆ ತೆಗೆದು ಸ್ನಾನ ಮಾಡಬಹುದು. ಹೊಲಿಗೆ ತೆಗೆಯಲು 22ಕ್ಕೆ ಬರಲಿ, ಆ ದಿನ ಪೆಥಾಲಜಿ ವರದಿಯನ್ನೂ ನೋಡುತ್ತೇನೆ. ಅಡಿಕೆ ಮರ ಹತ್ತುವ ಕೆಲಸ ಮಾಡುವವನು, 4 ವಾರ ಮರ ಹತ್ತುವುದು, ಮೂಟೆ ಎತ್ತುವುದು ಬೇಡ. ಇದನ್ನು ಅವನಿಗಷ್ಟೇ ಅಲ್ಲ, ತಾಯಿಗೂ ಹೇಳಿ.

ಬರೆದ ಸಮಯ: ರಾತ್ರಿ 11:20. ಸರ್ಜನ್ ಸಹಿ ಮಾಡಲಾಗಿದೆ.