ಕಾಫಿ ಒಣಗಿಸುವ ಕಣದ ಪ್ರಾಜೆಕ್ಟ್: ಹೊಸಬರ ಜೊತೆ ಮೊದಲ ಮೀಟಿಂಗ್

ಎಲ್ಲರಿಗೂ ನಮಸ್ಕಾರ. ನೆನೆದು ಬಂದವರು ಫ್ಯಾನ್ ಕೆಳಗೆ ಕೂತ್ಕೊಳ್ಳಿ. ಆಗಸ್ಟ್‌ನಲ್ಲಿ ಚಿಕ್ಕಮಗಳೂರಿನ ಗಾಳಿಮಳೆಗೆ ಛತ್ರಿ ಹಿಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಇವತ್ತು ಐದು ಜನ ನಮ್ಮ ತಂಡಕ್ಕೆ ಸೇರುತ್ತಿದ್ದಾರೆ. ಎಲೆಕ್ಟ್ರಾನಿಕ್ಸ್‌ನಿಂದ ಸಿಂಚನ ಮತ್ತು ಸುಹಾಸ್, ಕಂಪ್ಯೂಟರ್ ಸೈನ್ಸ್‌ನಿಂದ ರುಕ್ಸಾನಾ, ಮೆಕ್ಯಾನಿಕಲ್‌ನಿಂದ ಡೆನ್ಜಿಲ್, ಸಿವಿಲ್‌ನಿಂದ ಚೇತನ್. ಸಿವಿಲ್‌ನವನಿಗೆ ಇಲ್ಲಿ ಏನು ಕೆಲಸ ಅಂತ ಕೇಳಬೇಡಿ. ಚೇತನ್‌ದು ಮೂಡಿಗೆರೆ ಕಡೆ ತೋಟ. ಕಣದಲ್ಲಿ ಕಾಫಿ ಹೇಗೆ ಒಣಗುತ್ತದೆ ಅನ್ನೋದು ನಮ್ಮೆಲ್ಲರಿಗಿಂತ ಅವನಿಗೆ ಚೆನ್ನಾಗಿ ಗೊತ್ತು. ಐದೂ ಜನಕ್ಕೆ ಸ್ವಾಗತ.

ನಾವು ಮಾಡುತ್ತಿರೋದು ಇಷ್ಟೇ. ಪಲ್ಪಿಂಗ್‌ನಲ್ಲಿ ಹಣ್ಣಿನ ಸಿಪ್ಪೆ ತೆಗೆದ ಅರೇಬಿಕಾ ಬೀಜವನ್ನು, ಅಂದರೆ ಪಾರ್ಚ್‌ಮೆಂಟನ್ನು, ಕಣದಲ್ಲಿ ಹರಡಿ, ಕೆದಕುತ್ತಾ, ತೇವಾಂಶ ಸುಮಾರು ಶೇ. 10ಕ್ಕೆ ಇಳಿಯುವವರೆಗೆ ಒಣಗಿಸುತ್ತಾರೆ. ಕಡಿಮೆ ಒಣಗಿದರೆ ಬೂಷ್ಟು ಹಿಡಿಯುತ್ತದೆ, ಜಾಸ್ತಿ ಒಣಗಿದರೆ ತೂಕ ಹೋಗುತ್ತದೆ. ಮಧ್ಯದಲ್ಲಿ ಅಕಾಲ ಮಳೆ ಬಂದರಂತೂ ಟಾರ್ಪಾಲು ಹಿಡಿದು ಓಡಬೇಕು. ನಮ್ಮ ಸೆನ್ಸರ್ ಪೆಟ್ಟಿಗೆ ಕಣದ ಪಕ್ಕ ಕೂತು ಗಾಳಿಯ ತೇವ, ಉಷ್ಣಾಂಶ, ಮೊದಲ ಹನಿ ನೋಡುತ್ತದೆ. ತೋಟದಲ್ಲಿ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ. ಹಾಗಾಗಿ ಲೋರಾ ರೇಡಿಯೋ ಮೂಲಕ ಮನೆಗೆ ಸುದ್ದಿ ಕಳಿಸುತ್ತದೆ. ಅರೇಬಿಕಾ ಕೊಯ್ಲು ನವೆಂಬರ್‌ಗೆ ಶುರು. ಅಷ್ಟರೊಳಗೆ ಎರಡು ಪೆಟ್ಟಿಗೆ ಕಣದಲ್ಲಿ ಇರಬೇಕು. ಮಧ್ಯದಲ್ಲಿ ಇಂಟರ್ನಲ್ಸ್ ಬೇರೆ ಇದೆ.

ಈಗ ನಿಯಮಗಳು. ಜಾಸ್ತಿ ಇಲ್ಲ, ಆದರೆ ಇರುವುದನ್ನು ಬಿಡುವ ಹಾಗಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು: ರೀಡಿಂಗ್ ತಿದ್ದಬೇಡಿ. ಗ್ರಾಫ್ ಮಧ್ಯೆ ಒಂದು ಅಂಕಿ ವಿಚಿತ್ರವಾಗಿ ಮೇಲೆ ಹೋಯಿತು ಅಂತಿಟ್ಟುಕೊಳ್ಳಿ. ಅಳಿಸಿಬಿಟ್ಟರೆ ರಿವ್ಯೂ ದಿನ ಚೆಂದ ಕಾಣುತ್ತದೆ, ನಿಜ. ಆದರೆ ಅದು ಸೆನ್ಸರ್ ತೊಂದರೆಯೋ, ಬೆಳಗಿನ ಮಂಜೋ ಯಾರಿಗೆ ಗೊತ್ತು? ಬಂದದ್ದು ಬಂದ ಹಾಗೇ ಉಳಿಯಲಿ, ಪಕ್ಕದಲ್ಲಿ ಅನುಮಾನ ಬರೆಯಿರಿ. ನಮಗೆ ಇದು ಮಾರ್ಕ್ಸ್, ತೋಟದವರಿಗೆ ವರ್ಷದ ಬೆಳೆ. ನಾವು ‘ಒಣಗಲು ಬಿಡಿ, ಮಳೆ ಇಲ್ಲ’ ಅಂದರೆ ಅವರು ಟಾರ್ಪಾಲು ಹೊದಿಸುವುದಿಲ್ಲ, ಅಲ್ವಾ?

ಇದರ ಜೊತೆಗೇ ಇನ್ನೊಂದು. ಗೊತ್ತಾಗದಿದ್ದರೆ ಅವತ್ತೇ ಹೇಳಿ. ಒಂದು ಗಂಟೆ ಕೂತೂ ಬಗೆಹರಿಯಲಿಲ್ಲವೆಂದರೆ ಗ್ರೂಪ್‌ನಲ್ಲಿ ಹಾಕಿ. ‘ಸೀನಿಯರ್ ಏನಂದುಕೊಳ್ಳುತ್ತಾರೋ’ ಅಂತ ಮೂರು ದಿನ ಸುಮ್ನೆ ಕೂರುವುದು ಬೇಡ. ಕೇಳಿದವರನ್ನು ನೋಡಿ ನಗುವ ಅಭ್ಯಾಸ ಇಲ್ಲಿ ಯಾರಿಗಾದರೂ ಇದ್ದರೆ ಇವತ್ತೇ ಬಿಡಿ. ಇದು ಹಳಬರಿಗೆ ಹೇಳುತ್ತಿರೋದು.

ಸಿಕ್ಕ ಉತ್ತರ ಲಾಗ್‌ಬುಕ್‌ಗೆ ಹೋಗಬೇಕು. ಉದಾಹರಣೆಗೆ, ಇಎಸ್‌ಪಿ32 ಚಿಪ್‌ನಲ್ಲಿ ವೈ-ಫೈ ಆನ್ ಇದ್ದಾಗ ಎಡಿಸಿ2ರ ಪಿನ್‌ಗಳಿಂದ ಅನಲಾಗ್ ರೀಡಿಂಗ್ ನೆಚ್ಚಿಕೊಳ್ಳುವ ಹಾಗಿಲ್ಲ, ಎಡಿಸಿ1 ಬಳಸಬೇಕು. ಒಬ್ಬರು ಬರೆದಿಟ್ಟರೆ ಮುಂದಿನವರ ಒಂದು ರಾತ್ರಿ ಉಳಿಯುತ್ತದೆ. ಸುಹಾಸ್, ಲಾಗ್‌ಬುಕ್ ನಿನ್ನ ಜವಾಬ್ದಾರಿ.

ಕೋಡ್ ವಿಷಯ ಬೇಗ ಮುಗಿಸ್ತೀನಿ. `main` ಬ್ರಾಂಚ್‌ಗೆ ಯಾರೂ ನೇರವಾಗಿ ಪುಶ್ ಮಾಡುವ ಹಾಗಿಲ್ಲ, ನಾನೂ ಸೇರಿ. ಇನ್ನೊಬ್ಬರು ನೋಡಿ ಒಪ್ಪಿದ ಮೇಲೆ ಮರ್ಜ್. ಖರೀದಿಗೆ ಬಿಲ್ ಬೇಕು. ಲೋರಾ ಮಾಡ್ಯೂಲ್ ತರಿಸುವಾಗ 865ರಿಂದ 867 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವುದೇ ಅಂತ ಎರಡು ಸಲ ನೋಡಿ. ಅಗ್ಗಕ್ಕೆ ಸಿಕ್ಕಿತು ಅಂತ ಬೇರೆಯದು ತರಬೇಡಿ.

ತೋಟಕ್ಕೆ ಹೋಗುವ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ. ಒಬ್ಬರೇ ಹೋಗುವ ಹಾಗಿಲ್ಲ. ಮೊದಲು ತೋಟದ ಕೆಲಸ ನೋಡಿಕೊಳ್ಳುವ ರೈಟರ್‌ಗೆ ಫೋನ್ ಮಾಡಿ, ಆ ಕಡೆ ಆನೆ ಇದೆಯಾ ಕೇಳಿ. ಇದೆ ಅಂದರೆ ಅವತ್ತು ಹೋಗೋದು ಬೇಡ, ಡೆಡ್‌ಲೈನ್ ಎಷ್ಟೇ ಹತ್ತಿರ ಇರಲಿ. ಕತ್ತಲಾಗುವ ಮುಂಚೆ ವಾಪಸ್. ರೀಲ್ಸ್ ಮಾಡಲು ಬೈಕ್ ನಿಲ್ಲಿಸಬೇಡಿ, ಡೆನ್ಜಿಲ್, ನಗಬೇಡ, ನಿನಗೇ ಹೇಳಿದ್ದು. ಕಣಕ್ಕೆ ಕಾಲಿಡುವ ಮುಂಚೆ ಚಪ್ಪಲಿ ಬಿಡಿ. ಅಲ್ಲಿ ಕಾಫಿ ಕೆದಕುವ ಅಕ್ಕಂದಿರಿಗೆ ಅಡ್ಡ ನಿಲ್ಲಬೇಡಿ, ಮಾತಾಡಿಸಿ. ಬೆರಳಲ್ಲಿ ಬೀಜ ಒತ್ತಿ, ಹಲ್ಲಲ್ಲಿ ಕಚ್ಚಿ ನೋಡಿಯೇ ಇನ್ನೂ ಎಷ್ಟು ಬಿಸಿಲು ಬೇಕು ಅಂತ ಹೇಳುತ್ತಾರೆ. ನಮ್ಮ ಸೆನ್ಸರ್ ಅವರ ಮಾತಿಗೆ ಹೊಂದದಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಸೆನ್ಸರನ್ನೇ.

ಪ್ರತಿ ಶನಿವಾರ ಮಧ್ಯಾಹ್ನ ಎರಡಕ್ಕೆ ಇದೇ ಲ್ಯಾಬ್‌ನಲ್ಲಿ ಸೇರೋಣ. ಬರಲಾಗದಿದ್ದರೆ ಶುಕ್ರವಾರ ರಾತ್ರಿಯೊಳಗೆ ತಿಳಿಸಿ, ಕಾರಣ ಕೇಳುವುದಿಲ್ಲ. ಪರೀಕ್ಷೆ ವಾರ ಮೀಟಿಂಗ್ ಇಲ್ಲ.

ಈ ವಾರದ ಕೆಲಸ: ಸಿಂಚನ ಮಳೆ ಸೆನ್ಸರ್, ರುಕ್ಸಾನಾ ಅಲರ್ಟ್ ಮೆಸೇಜ್. ಅದು ಕನ್ನಡದಲ್ಲೇ ಬರಬೇಕು. ಡೆನ್ಜಿಲ್ ಪೆಟ್ಟಿಗೆಯ ಮುಚ್ಚಳ, ಒಳಗೆ ಇರುವೆ ನುಗ್ಗದ ಹಾಗೆ. ಚೇತನ್, ಮುಂದಿನ ಶನಿವಾರ ಅರ್ಧ ಗಂಟೆ ನಮಗೆಲ್ಲ ಕಣದ ಪಾಠ ಮಾಡು.

ಪ್ರಶ್ನೆ ಇದ್ದರೆ ಈಗ ಕೇಳಿ. ಆಮೇಲೆ ಕ್ಯಾಂಟೀನ್‌ಗೆ ಹೋಗೋಣ. ಕಾಫಿ ದುಡ್ಡು ಹಳಬರದ್ದು.