ಎರಡನೇ ಮಹಡಿಗೆ ನೀರು ಏರುತ್ತಿಲ್ಲ: ದೂರು ಅರ್ಜಿ

ಬಳ್ಳಾರಿ
ದಿನಾಂಕ: 16-04-2025

ಇಂದ,
ಶರಣಪ್ಪ
ಎರಡನೇ ಮಹಡಿ, ಕೌಲ್‌ಬಜಾರ್, ಬಳ್ಳಾರಿ

ಇವರಿಗೆ,
ಸಹಾಯಕ ಕಾರ್ಯಪಾಲಕ ಅಭಿಯಂತರರು
ನೀರು ಸರಬರಾಜು ವಿಭಾಗ, ಬಳ್ಳಾರಿ

ವಿಷಯ: ಒಂದೂವರೆ ತಿಂಗಳಿಂದ ನಳದಲ್ಲಿ ಒತ್ತಡ ಕಡಿಮೆಯಾಗಿರುವ ಬಗ್ಗೆ

ಮಾನ್ಯರೇ,

ನಮ್ಮ ಓಣಿಗೆ ನೀರು ಬಿಡುವುದು ಎಂಟು ದಿನಕ್ಕೊಮ್ಮೆ, ಅದೂ ಬೆಳಗಿನ ಜಾವ ಎರಡು ತಾಸು. ಅದರ ಬಗ್ಗೆ ನನ್ನ ತಕರಾರಿಲ್ಲ. ಅಲ್ಲೀಪುರ ಕೆರೆಯಲ್ಲಿ ಇದ್ದಷ್ಟನ್ನೇ ತಾನೇ ಬಿಡಬೇಕು. ಬಿಟ್ಟ ನೀರು ಮೇಲೆ ಹತ್ತುತ್ತಿಲ್ಲ ಎಂಬುದೇ ನನ್ನ ದೂರು.

ಆರು ವರ್ಷದಿಂದ ಇದೇ ಮನೆಯಲ್ಲಿ ಬಾಡಿಗೆಗಿದ್ದೇವೆ. ಶಿವರಾತ್ರಿವರೆಗೂ ನಮ್ಮ ನಳದಲ್ಲಿ ಎರಡೂವರೆ ನಿಮಿಷಕ್ಕೆ 15 ಲೀಟರ್ ಬಕೆಟ್ ತುಂಬುತ್ತಿತ್ತು, ಡ್ರಮ್ಮುಗಳೆಲ್ಲ ತುಂಬಿ ಮಿಗುತ್ತಿತ್ತು. ಆಮೇಲೆ ಚರಂಡಿ ಕೆಲಸಕ್ಕೆಂದು ಓಣಿಯ ತಿರುವಿನಲ್ಲಿ ರಸ್ತೆ ಅಗೆದು ಮುಚ್ಚಿದರು. ಅಂದಿನಿಂದ ಈ ಪಾಡು. ಮೊನ್ನೆ 11ನೇ ತಾರೀಖು ಗಡಿಯಾರ ಹಿಡಿದೇ ಕೂತಿದ್ದೆ: ಮೊದಲ ಅರ್ಧ ತಾಸು ನಳ ಬುಸ್ ಬುಸ್ ಎಂದು ಬರೀ ಗಾಳಿ ಬಿಟ್ಟಿತು, ಆಮೇಲೆ ದಾರದಷ್ಟು ನೀರು. ನಿಲ್ಲುವ ಹೊತ್ತಿಗೆ ನಾಲ್ಕು ಬಕೆಟ್. ನಾಲ್ಕು ಜನಕ್ಕೆ ಎಂಟು ದಿನ ಅಷ್ಟೇ. ಉಳಿದದ್ದನ್ನು ಕೆಳಗಿನ ಮನೆಯ ಅಕ್ಕ ತಮ್ಮದು ತುಂಬಿದ ಮೇಲೆ ಹಿಡಿದುಕೊಳ್ಳಲು ಬಿಡುತ್ತಾರೆ. 34 ಮೆಟ್ಟಿಲು, ಕೊಡ ಹೊತ್ತು. ಮಂಡಿ ನೋವಿನ ನಮ್ಮ ತಾಯಿಯೂ ಸುಮ್ಮನೆ ಕೂರುವುದಿಲ್ಲ.

ಮಾರ್ಚ್ 20ಕ್ಕೆ ಒಮ್ಮೆ, ಏಪ್ರಿಲ್ 3ಕ್ಕೆ ಒಮ್ಮೆ ಫೋನ್ ಮಾಡಿದ್ದೆ. ‘ನೋಡ್ತೀವಿ’ ಎಂದರು. ವಾಲ್ವ್‌ಮನ್‌ರನ್ನು ಕೇಳಿದರೆ, ‘ನೀವೂ ಒಂದು ಮೋಟರ್ ಹಚ್ಚಿಬಿಡ್ರಿ, ಎಲ್ಲಾರೂ ಹಚ್ಯಾರ’ ಎಂದರು. ಹಚ್ಚಬಹುದು. ಆದರೆ ಲೈನಿಗೇ ಮೋಟರ್ ಹಚ್ಚುವುದು ತಪ್ಪು, ಮೇಲಾಗಿ ನಾನು ಎಳೆದರೆ ನಮಗೆ ನೀರು ಕೊಡುವ ಆ ಅಕ್ಕನ ನಳವೇ ಒಣಗುತ್ತದೆ.

ಒಂದು ಕೆ.ಜಿ. ಒತ್ತಡವಿದ್ದರೆ ನೀರು 10 ಮೀಟರ್ ಏರುತ್ತದೆ ಎಂದು ನಮ್ಮ ಪ್ಲಂಬರ್ ಹೇಳಿದರು. ನಮ್ಮ ನಳ ರಸ್ತೆಯಿಂದ 24 ಅಡಿ, ಅಂದರೆ ಏಳು ಮೀಟರ್ ಚಿಲ್ಲರೆ. ಮನೆಯೊಳಗಿನ ಪೈಪನ್ನು ಬಿಚ್ಚಿ ತೋರಿಸಿದ್ದೇನೆ, ಕಸ ಕಟ್ಟಿಲ್ಲ. ಇನ್ನೊಂದು ಮಾತು: ರಸ್ತೆ ಅಗೆದ ಜಾಗದಲ್ಲಿ, ಬೇವಿನ ಮರದ ಬುಡಕ್ಕೆ, ನೀರು ಬಿಟ್ಟು ಎರಡು ದಿನವಾದರೂ ನೆಲ ಹಸಿಯಾಗಿರುತ್ತದೆ. ಬಳ್ಳಾರಿಯ ಈ ಬಿಸಿಲಲ್ಲಿ ಅಲ್ಲಿ ಗೇಣುದ್ದ ಹಸಿರು ಹುಲ್ಲು ಬೆಳೆದಿದೆ. ಲೈನ್ ಅಲ್ಲೇ ಒಡೆದಿದೆ ಎಂಬುದು ನನ್ನ ಅನುಮಾನ.

ಮುಂದಿನ ಸರದಿ 19ನೇ ತಾರೀಖು ಶನಿವಾರ. ಅಂದು ನೀರು ಬಿಟ್ಟ ಹೊತ್ತಿಗೆ ಗೇಜ್ ಕೊಟ್ಟು ಒಬ್ಬರನ್ನು ಕಳಿಸಿ, ತಿರುವಿನ ಆಚೆಗೂ ಈಚೆಗೂ ಒತ್ತಡ ಅಳೆಸಿ. ಸೋರಿಕೆ ಕಂಡರೆ ಅಲ್ಲಿ ಅಗೆದು ದುರಸ್ತಿ ಮಾಡಿಸಿ. ಲೈನಿಗೆ ಹಚ್ಚಿದ ಮೋಟರ್‌ಗಳನ್ನೂ ಅದೇ ದಿನ ನೋಡಿಸಿ. ಯಾರ ಮನೆಯದು ಎಂದು ನನ್ನ ಬಾಯಿಂದ ಹೇಳಿಸಬೇಡಿ, ಓಣಿಯಲ್ಲಿ ನಾನು ಬದುಕಬೇಕು. ನಾಲ್ಕಕ್ಕೇ ಎದ್ದು ಬಾಗಿಲಲ್ಲಿ ನಿಂತಿರುತ್ತೇನೆ.

ಹಸಿ ನೆಲದ ಎರಡು ಫೋಟೋ ಮತ್ತು ನೀರಿನ ಕರ ಕಟ್ಟಿದ ರಸೀದಿಯ ನಕಲು ಲಗತ್ತಿಸಿದ್ದೇನೆ. ಈ ಅರ್ಜಿಯ ಇನ್ನೊಂದು ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಶರಣಪ್ಪ